ವೆಬ್‌ಸೈಟ್ ಒಪ್ಪಿಸುವ ಪತ್ರ: ಕೊನೆಯ ಮೇಲ್‌ನಲ್ಲಿ ಏನೇನಿರಬೇಕು

ಸಣ್ಣ ವ್ಯಾಪಾರಿಯೊಬ್ಬರು ಫ್ರೀಲಾನ್ಸ್ ಡೆವಲಪರ್ ಕೈಯಲ್ಲಿ ವೆಬ್‌ಸೈಟ್ ಮಾಡಿಸುತ್ತಾರೆ. ಸೈಟ್ ಚೆನ್ನಾಗಿ ಓಡುತ್ತದೆ, ಆರ್ಡರ್ ಬರುತ್ತದೆ, ಕೊಡಬೇಕಾದ ಹಣವೂ ಚುಕ್ತಾ ಆಗುತ್ತದೆ. ಡೆವಲಪರ್ ಮುಂದಿನ ಕೆಲಸಕ್ಕೆ ಹೋಗುತ್ತಾರೆ. ಎರಡು ವರ್ಷ ಕಳೆದ ಮೇಲೆ ಒಂದು ಬೆಳಗ್ಗೆ ಸೈಟ್ ತೆರೆಯುವುದಿಲ್ಲ, ಅಂಗಡಿಯ ಹೆಸರಿನ ಮೇಲ್ ವಿಳಾಸವೂ ಸತ್ತಿರುತ್ತದೆ. ಹುಡುಕಿದರೆ ಕಾರಣ ಇಷ್ಟೇ: ಡೊಮೇನ್ ಹೆಸರಿನ ಅವಧಿ ಮುಗಿದಿದೆ. ಹಣ ಕಟ್ಟಿ ಎಂಬ ಎಚ್ಚರಿಕೆಗಳೆಲ್ಲ ಡೆವಲಪರ್ ಈಗ ತೆರೆದೂ ನೋಡದ ಹಳೆಯ ಮೇಲ್‌ಗೆ ಹೋಗಿವೆ. ಇಲ್ಲಿ ಯಾರೂ ಯಾರಿಗೂ ಮೋಸ ಮಾಡಿಲ್ಲ. ಕೆಲಸ ಮುಗಿದ ದಿನ ಒಂದು ಪತ್ರ ಬರೆದು ಎಲ್ಲವನ್ನೂ ಒಪ್ಪಿಸಬೇಕಿತ್ತು, ಅದು ಆಗಿಲ್ಲ.

ಆ ಪತ್ರ ಹೇಗಿರಬೇಕು ಎಂಬುದೇ ಈ ಬರಹದ ವಿಷಯ. ಬರೆಯುವವರು ಡೆವಲಪರ್ ಆದರೂ ಅದನ್ನು ಓದಿ ಅರ್ಥ ಮಾಡಿಕೊಂಡು, ಇಲ್ಲದ್ದನ್ನು ಕೇಳಿ ಪಡೆಯಬೇಕಾದವರು ಗ್ರಾಹಕರು. ಆದ್ದರಿಂದ ಇಬ್ಬರಿಗೂ ತಿಳಿದಿರಬೇಕಾದ ಸಂಗತಿ ಇದು.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಶಿರಸಿಯಲ್ಲಿ ಕಾಳುಮೆಣಸು, ಏಲಕ್ಕಿ, ಜೇನು ಮಾರುವ ಅಂಗಡಿ. ಮಾಲೀಕರಿಗೆ ಕಂಪ್ಯೂಟರ್ ಬಳಕೆ ಗೊತ್ತು, ಅದರ ಒಳಗುಟ್ಟು ಗೊತ್ತಿಲ್ಲ. ಹುಬ್ಬಳ್ಳಿಯ ಡೆವಲಪರ್ ಒಬ್ಬರು ಅವರಿಗೆ ಆನ್‌ಲೈನ್ ಅಂಗಡಿ ಕಟ್ಟಿಕೊಟ್ಟಿದ್ದಾರೆ. ಸೈಟಿನ ಹೆಸರು `example.com` ಎಂದಿಟ್ಟುಕೊಳ್ಳಿ. ಪಿಎಚ್‌ಪಿ ಭಾಷೆಯ ಲಾರಾವೆಲ್ ಎಂಬ ಚೌಕಟ್ಟಿನಲ್ಲಿ ಬರೆದದ್ದು, ಮಾಹಿತಿಯೆಲ್ಲ ಮೈಎಸ್‌ಕ್ಯುಎಲ್ ಡೇಟಾಬೇಸ್‌ನಲ್ಲಿದೆ. ಶುರುವಿನಲ್ಲಿ ಗಡಿಬಿಡಿಯಿತ್ತು. ಹಾಗಾಗಿ ಡೊಮೇನ್, ಹೋಸ್ಟಿಂಗ್ ಎರಡನ್ನೂ ಡೆವಲಪರ್ ತಮ್ಮ ಖಾತೆಯಲ್ಲೇ, ತಮ್ಮ ಕಾರ್ಡಿನಿಂದಲೇ ಕೊಂಡಿದ್ದರು. ನಮ್ಮಲ್ಲಿ ಹೆಚ್ಚಿನ ಸಣ್ಣ ಕೆಲಸಗಳು ಶುರುವಾಗುವುದೇ ಹೀಗೆ.

ಮೂರು ಪ್ರಶ್ನೆ

ಇಂಥ ಮೇಲ್‌ಗಳನ್ನು ಹಲವರು ಪಾಸ್‌ವರ್ಡ್‌ಗಳ ಪಟ್ಟಿ ಎಂದುಕೊಂಡಿದ್ದಾರೆ. ಆದರೆ ಬೀಗದ ಕೈ ಕೊಟ್ಟ ಮಾತ್ರಕ್ಕೆ ಮನೆ ನಮ್ಮದಾಗುವುದಿಲ್ಲ, ಖಾತೆ ಬದಲಾವಣೆ ಆಗಬೇಕು. ವೆಬ್‌ಸೈಟ್ ವಿಷಯದಲ್ಲೂ ಒಳಗೆ ಹೋಗಲು ಆಗುವುದು ಬೇರೆ, ಹೆಸರು ದಾಖಲಾಗಿರುವುದು ಬೇರೆ.

ಹಾಗಾಗಿ ಒಳ್ಳೆಯ ಪತ್ರ ಪ್ರತಿಯೊಂದು ವಸ್ತುವಿಗೂ ಮೂರು ಪ್ರಶ್ನೆಗೆ ಉತ್ತರ ಕೊಡುತ್ತದೆ. ಇದು ಈಗ ಯಾರ ಹೆಸರಿನಲ್ಲಿದೆ? ಮುಂದಿನ ಹಣ ಯಾವತ್ತು, ಯಾರು ಕಟ್ಟಬೇಕು? ಹೇಳಿದ್ದು ನಿಜವೇ ಎಂದು ಗ್ರಾಹಕರು ತಾವೇ ನೋಡುವುದು ಹೇಗೆ? ಇನ್ನೊಂದು ಮಾತು: ಪತ್ರದಲ್ಲಿ ‘ವರ್ಗಾಯಿಸುತ್ತೇನೆ’ ಎಂದಿರಬಾರದು, ‘ವರ್ಗಾಯಿಸಿದ್ದೇನೆ’ ಎಂದಿರಬೇಕು. ಕೆಲಸವೆಲ್ಲ ಮುಗಿದ ಮೇಲೆ ಕೊಡುವ ಲೆಕ್ಕ ಅದು. ನಮ್ಮ ಹುಬ್ಬಳ್ಳಿಯ ಡೆವಲಪರ್ ಹೀಗೆ ಶುರು ಮಾಡುತ್ತಾರೆ:

> ನಮಸ್ಕಾರ ಸರ್,
>
> ನಿಮ್ಮ ಆನ್‌ಲೈನ್ ಅಂಗಡಿಯ ಕೆಲಸ ಮುಗಿದಿದೆ. ಡೊಮೇನ್, ಹೋಸ್ಟಿಂಗ್, ಸೋರ್ಸ್ ಕೋಡ್ ಮೂರೂ ಈಗ ನಿಮ್ಮ ಹೆಸರಿನ ಖಾತೆಗಳಲ್ಲಿವೆ. ಯಾವುದು ಎಲ್ಲಿದೆ, ಯಾವಾಗ ಹಣ ಕಟ್ಟಬೇಕು, ನೀವು ಹೇಗೆ ಪರೀಕ್ಷಿಸಬೇಕು ಎಂಬುದನ್ನು ಕೆಳಗೆ ಬರೆದಿದ್ದೇನೆ. ಮುಂದೆ ಬೇರೆ ಯಾರಾದರೂ ಈ ಸೈಟ್ ನೋಡಿಕೊಳ್ಳುವುದಾದರೆ ಅವರಿಗೂ ಈ ಮೇಲ್ ಕಳಿಸಿ. ಇದರಲ್ಲಿ ಯಾವ ಪಾಸ್‌ವರ್ಡೂ ಇಲ್ಲ.

ಕೊನೆಯ ಎರಡು ಸಾಲಿಗೆ ಬೆಲೆಯಿದೆ. ಮೂರು ವರ್ಷ ಬಿಟ್ಟು ಹೊಸ ಡೆವಲಪರ್ ಬಂದರೆ ಅವರಿಗೆ ಸಿಗುವ ಏಕೈಕ ದಾಖಲೆ ಇದೇ ಇರಬಹುದು. ಪಾಸ್‌ವರ್ಡ್ ಇಲ್ಲದಿರುವುದರಿಂದ ಅದನ್ನು ನಿಶ್ಚಿಂತೆಯಿಂದ ಯಾರಿಗೂ ಕಳಿಸಬಹುದು.

ಡೊಮೇನ್: ಮೊದಲು ಹೆಸರು

ಒಪ್ಪಿಸುವ ಕೆಲಸ ಡೊಮೇನ್‌ನಿಂದ ಶುರುವಾಗಬೇಕು. ಸರ್ವರ್ ಹಾಳಾದರೆ ಇನ್ನೊಂದು ಕೊಳ್ಳಬಹುದು, ಕೋಡ್ ಕಳೆದರೆ ಮತ್ತೆ ಬರೆಸಬಹುದು. ಹೆಸರು ಬೇರೆಯವರ ಪಾಲಾದರೆ ಅದನ್ನು ವಾಪಸು ತರುವುದು ಬಲು ಕಷ್ಟ.

ಡೊಮೇನ್ ಹೆಸರನ್ನು ನಾವು ಶಾಶ್ವತವಾಗಿ ಕೊಂಡುಕೊಳ್ಳುವುದಿಲ್ಲ, ವರ್ಷಗಳ ಲೆಕ್ಕದಲ್ಲಿ ನೋಂದಾಯಿಸಿಕೊಳ್ಳುತ್ತೇವೆ. `.com` ಹೆಸರುಗಳ ಮೂಲ ದಫ್ತರ ವೆರಿಸೈನ್ ಎಂಬ ಕಂಪನಿಯಲ್ಲಿದೆ. `.in` ಹೆಸರುಗಳದ್ದನ್ನು ಭಾರತದ ನಿಕ್ಸಿ ಸಂಸ್ಥೆ ನೋಡಿಕೊಳ್ಳುತ್ತದೆ. ನಾವು ಹಣ ಕಟ್ಟುವುದು ನೇರವಾಗಿ ಇವರಿಗಲ್ಲ, ನಡುವಿನ ರಿಜಿಸ್ಟ್ರಾರ್‌ಗೆ. ಆ ರಿಜಿಸ್ಟ್ರಾರ್ ಬಳಿ ಯಾರ ಹೆಸರು ಮತ್ತು ಮೇಲ್ ವಿಳಾಸ ದಾಖಲಾಗಿದೆಯೋ ಅವರೇ ಡೊಮೇನಿನ ಒಡೆಯರು. ವರ್ಷವರ್ಷ ಹಣ ಕೊಟ್ಟವರು ಅಂಗಡಿಯವರೇ ಆಗಿದ್ದರೂ ದಾಖಲೆಯಲ್ಲಿ ಡೆವಲಪರ್ ಹೆಸರಿದ್ದರೆ ರಿಜಿಸ್ಟ್ರಾರ್ ಕೇಳುವುದು ಡೆವಲಪರ್ ಮಾತನ್ನೇ.

ವರ್ಗಾವಣೆಗೆ ಎರಡು ದಾರಿಯಿವೆ. ಒಂದು, ಅದೇ ರಿಜಿಸ್ಟ್ರಾರ್ ಬಳಿ ಗ್ರಾಹಕರ ಹೆಸರಿನಲ್ಲಿ ಹೊಸ ಖಾತೆ ತೆರೆದು ಡೊಮೇನನ್ನು ಖಾತೆಯಿಂದ ಖಾತೆಗೆ ತಳ್ಳುವುದು. ಇನ್ನೊಂದು, ಬೇರೆ ರಿಜಿಸ್ಟ್ರಾರ್‌ಗೇ ಸಾಗಿಸುವುದು. ಇದಕ್ಕೆ ಮೊದಲು ಡೊಮೇನಿನ ಲಾಕ್ ತೆಗೆದು, ಆಥ್ ಕೋಡ್ ಎಂಬ ಗುಪ್ತ ಸಂಕೇತ ಪಡೆದು, ಅದನ್ನು ಹೊಸ ಕಡೆ ಕೊಡಬೇಕು. ಮುಗಿಯಲು ಕೆಲವು ದಿನ ಹಿಡಿಯುತ್ತದೆ. ಕೆಲಸ ಮುಗಿಸುವ ಹೊತ್ತಿನಲ್ಲಿ ಮೊದಲನೆಯ ದಾರಿಯೇ ಲೇಸು.

ಎರಡನೆಯ ದಾರಿಯಲ್ಲಿ ಒಂದು ತೊಡಕಿದೆ, ಅದನ್ನು ತಿಳಿದಿರಬೇಕು. `.com` ನಂಥ ಹೆಸರುಗಳಿಗೆ ಐಕಾನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ನಿಯಮಗಳು ಅನ್ವಯಿಸುತ್ತವೆ. ಒಡೆಯರ ಹೆಸರನ್ನೋ ಮೇಲ್ ವಿಳಾಸವನ್ನೋ ಬದಲಾಯಿಸಿದರೆ, ಮೊದಲೇ ಬೇಡವೆಂದು ಹೇಳದಿದ್ದ ಪಕ್ಷದಲ್ಲಿ, ಸಾಮಾನ್ಯವಾಗಿ 60 ದಿನ ಆ ಡೊಮೇನನ್ನು ಬೇರೆ ರಿಜಿಸ್ಟ್ರಾರ್‌ಗೆ ಸಾಗಿಸಲು ಬಿಡುವುದಿಲ್ಲ. ಹೊಸದಾಗಿ ನೋಂದಾಯಿಸಿದ ಹೆಸರಿಗೂ 60 ದಿನದ ತಡೆಯಿದೆ. ಕದ್ದವರು ಹೆಸರು ಬದಲಿಸಿಕೊಂಡು ಓಡಿಹೋಗದಿರಲಿ ಎಂದು ಇರುವ ಕಾವಲು ಇದು. ಗೊತ್ತಿಲ್ಲದೆ ಮೊದಲು ಹೆಸರು ಬದಲಿಸಿ, ಆಮೇಲೆ ಸಾಗಿಸಲು ಹೋದವರು ಎರಡು ತಿಂಗಳು ಕಾಯಬೇಕಾಗುತ್ತದೆ. ಖಾತೆಯಿಂದ ಖಾತೆಗೆ ತಳ್ಳಿದರೆ ರಿಜಿಸ್ಟ್ರಾರ್ ಬದಲಾಗುವುದಿಲ್ಲವಾದ್ದರಿಂದ ಈ ತಡೆ ಅಡ್ಡ ಬರುವುದಿಲ್ಲ.

ಇನ್ನೊಂದು ಸಣ್ಣ ಸಂಗತಿ ದೊಡ್ಡ ತೊಂದರೆ ಕೊಡಬಲ್ಲದು. ಒಡೆಯರ ವಿವರ ಬದಲಾದ ಕೂಡಲೇ ಹೊಸ ವಿಳಾಸಕ್ಕೆ ‘ಇದು ನಿಮ್ಮದೇ ಎಂದು ಖಚಿತಪಡಿಸಿ’ ಎಂಬ ಮೇಲ್ ಬರುತ್ತದೆ. 15 ದಿನದೊಳಗೆ ಅದರಲ್ಲಿರುವ ಕೊಂಡಿ ಒತ್ತದಿದ್ದರೆ ರಿಜಿಸ್ಟ್ರಾರ್ ಡೊಮೇನನ್ನು ಅಮಾನತಿನಲ್ಲಿಡಬಹುದು. ಮೋಸದ ಮೇಲ್‌ಗಳಿಗೆ ಹೆದರಿದ ಗ್ರಾಹಕರು ಇದನ್ನೂ ಅಂಥದ್ದೇ ಎಂದು ಅಳಿಸಿಬಿಡುವುದುಂಟು. ಹಾಗಾಗಿ ಡೆವಲಪರ್ ಫೋನಿನಲ್ಲಿದ್ದಾಗಲೇ ಈ ಕೆಲಸ ಮುಗಿಸಿಕೊಳ್ಳಬೇಕು. ಪತ್ರದಲ್ಲಿ ಅದು ಹೀಗೆ ಬರುತ್ತದೆ:

> ಡೊಮೇನ್: `example.com` ಅನ್ನು ನನ್ನ ಖಾತೆಯಿಂದ ನಿಮ್ಮ ಖಾತೆಗೆ ವರ್ಗಾಯಿಸಿದ್ದೇನೆ. ಒಡೆಯರ ಜಾಗದಲ್ಲಿ ನಿಮ್ಮ ಅಂಗಡಿಯ ಹೆಸರಿದೆ. ಮೊನ್ನೆ ನಾವಿಬ್ಬರೂ ಫೋನಿನಲ್ಲಿದ್ದಾಗ ಖಚಿತಪಡಿಸುವ ಮೇಲ್‌ನ ಕೊಂಡಿಯನ್ನು ನೀವು ಒತ್ತಿದ್ದೀರಿ. ಅವಧಿ ಮುಗಿಯುವುದು 14 ಮಾರ್ಚ್ 2028ಕ್ಕೆ. ತಾನಾಗಿ ನವೀಕರಿಸುವ ಸೌಲಭ್ಯ ಆನ್ ಇದೆ, ಆದರೂ ಕಾರ್ಡಿನ ಅವಧಿ ಮುಗಿದಿದ್ದರೆ ಹಣ ಹೋಗುವುದಿಲ್ಲ. ಫೆಬ್ರುವರಿಯಲ್ಲೇ ಒಮ್ಮೆ ನೋಡಿ. ಖಾತೆಗೆ ಕೊಟ್ಟಿರುವುದು ನಿಮ್ಮ ಜಿಮೇಲ್ ವಿಳಾಸ, ಅಂಗಡಿಯ ಡೊಮೇನಿನ ವಿಳಾಸವಲ್ಲ.

ಕೊನೆಯ ವಾಕ್ಯದ ಹಿಂದೆ ಕಾರಣವಿದೆ. ಡೊಮೇನ್ ಖಾತೆಗೆ ಅದೇ ಡೊಮೇನಿನ ಮೇಲ್ ವಿಳಾಸ ಕೊಟ್ಟರೆ, ಡೊಮೇನ್ ನಿಂತ ದಿನ ಆ ಮೇಲ್ ಕೂಡ ನಿಲ್ಲುತ್ತದೆ. ಪಾಸ್‌ವರ್ಡ್ ಮರೆತಿದ್ದರೆ ಹೊಸದು ಪಡೆಯಲು ದಾರಿಯೇ ಉಳಿಯುವುದಿಲ್ಲ.

ಅವಧಿ ಮುಗಿದ ಮರುದಿನವೇ ಹೆಸರು ಕೈತಪ್ಪುವುದಿಲ್ಲ. ಹಿಂದಿನ ಶುಲ್ಕದಲ್ಲೇ ನವೀಕರಿಸಲು ರಿಜಿಸ್ಟ್ರಾರ್ ಸ್ವಲ್ಪ ಕಾಲ ಕೊಡುವುದುಂಟು. `.com` ವಿಷಯದಲ್ಲಿ ಇದು ಹೆಚ್ಚೆಂದರೆ 45 ದಿನ, ಹಲವರು ಅದಕ್ಕಿಂತ ಕಡಿಮೆ ಕೊಡುತ್ತಾರೆ. ರಿಜಿಸ್ಟ್ರಾರ್ ಹೆಸರನ್ನು ಅಳಿಸಿದ ಮೇಲೂ 30 ದಿನ ಬಿಡಿಸಿಕೊಳ್ಳಬಹುದು, ಆದರೆ ಆಗ ತೆರಬೇಕಾದ ದಂಡ ಮಾಮೂಲಿ ಶುಲ್ಕದ ಹಲವು ಪಟ್ಟು. ಅದೂ ಮುಗಿದರೆ 5 ದಿನ ಯಾರೂ ಏನೂ ಮಾಡಲಾಗದ ಸ್ಥಿತಿ, ಆಮೇಲೆ ಯಾರು ಬೇಕಾದರೂ ನೋಂದಾಯಿಸಿಕೊಳ್ಳಬಹುದು. ಗಿರಾಕಿಗಳು ಬರುತ್ತಿದ್ದ ಹಳೆಯ ಹೆಸರುಗಳಿಗಾಗಿ ಕಾದು ಕುಳಿತವರಿದ್ದಾರೆ. ಕೆಲವು ರಿಜಿಸ್ಟ್ರಾರ್‌ಗಳು ಅಷ್ಟು ದಿನ ಕಾಯದೆ ಹರಾಜಿಗೂ ಇಡುತ್ತಾರೆ.

ಹೋಸ್ಟಿಂಗ್: ಸೈಟ್ ಹೋಗುತ್ತದೆ, ಮೇಲ್ ಉಳಿಯುತ್ತದೆಯೇ?

ನಮ್ಮ ಉದಾಹರಣೆಯಲ್ಲಿ ಸೈಟ್ ಇದ್ದದ್ದು ಡೆವಲಪರ್ ತಮ್ಮ ಹಲವು ಗ್ರಾಹಕರಿಗೆಂದು ಕೊಂಡ ಸರ್ವರ್‌ನಲ್ಲಿ. ಅದನ್ನು ಒಬ್ಬರಿಗೆ ಬಿಟ್ಟುಕೊಡಲಾಗದು. ಹಾಗಾಗಿ ಅಂಗಡಿಯವರ ಹೆಸರಿನಲ್ಲಿ ಹೊಸ ಹೋಸ್ಟಿಂಗ್ ಕೊಂಡು ಸೈಟನ್ನು ಅಲ್ಲಿಗೆ ಸಾಗಿಸಬೇಕಾಯಿತು.

ಸಾಗಿಸುವಾಗ ಬದಲಾಗಬೇಕಾದದ್ದು ಡಿಎನ್‌ಎಸ್ ದಾಖಲೆ. ಈ ಹೆಸರು ಯಾವ ಸರ್ವರ್‌ಗೆ ಹೋಗಬೇಕು ಎಂದು ಇಂಟರ್ನೆಟ್ಟಿಗೆ ಹೇಳುವ ಸಾಲುಗಳು ಅವು. ಸೈಟಿಗೆ ಎ ದಾಖಲೆ, ಮೇಲ್‌ಗೆ ಎಂಎಕ್ಸ್ ದಾಖಲೆ. ಈ ಅಂಗಡಿಯಿಂದ ಹೊರಟ ಮೇಲ್ ನಿಜವಾದದ್ದು ಎಂದು ಸಾರುವ ಎಸ್‌ಪಿಎಫ್, ಡಿಕಿಮ್ ಎಂಬ ಸಾಲುಗಳೂ ಅಲ್ಲೇ ಇರುತ್ತವೆ. ಹೆಚ್ಚು ಎಡವಟ್ಟು ಆಗುವುದು ಇಲ್ಲಿಯೇ. ಈ ದಾಖಲೆಗಳೆಲ್ಲ ಹಳೆಯ ಹೋಸ್ಟಿಂಗ್ ಕಂಪನಿಯ ನೇಮ್‌ಸರ್ವರ್‌ನಲ್ಲಿದ್ದರೆ, ಹೊಸ ಕಡೆಗೆ ನೇಮ್‌ಸರ್ವರ್ ಬದಲಿಸಿದ ಕ್ಷಣ ಹಳೆಯ ಸಾಲುಗಳು ಲೆಕ್ಕಕ್ಕೆ ಇರುವುದಿಲ್ಲ. ಸೈಟ್ ಹೊಸ ಜಾಗದಲ್ಲಿ ಸೊಗಸಾಗಿ ತೆರೆಯುತ್ತದೆ, ಎಲ್ಲರೂ ಸಮಾಧಾನಪಡುತ್ತಾರೆ. ಎಂಎಕ್ಸ್ ಸಾಲು ಹೊಸ ಕಡೆ ಇಲ್ಲದ್ದರಿಂದ ಅಂಗಡಿಗೆ ಬರಬೇಕಾದ ಮೇಲ್ ಬರುವುದಿಲ್ಲ. ಬಾರದ ಮೇಲ್ ಕಣ್ಣಿಗೆ ಕಾಣುವುದಿಲ್ಲವಲ್ಲ, ಯಾರೋ ಗಿರಾಕಿ ಫೋನ್ ಮಾಡಿ ಗದರಿದಾಗಲೇ ಗೊತ್ತಾಗುವುದು. ಎಸ್‌ಪಿಎಫ್ ಸಾಲು ಬಿಟ್ಟುಹೋದರೆ ಲಕ್ಷಣ ಬೇರೆ: ಮೇಲ್ ಹೋಗುತ್ತದೆ, ಆದರೆ ಗಿರಾಕಿಯ ಸ್ಪ್ಯಾಮ್ ಡಬ್ಬಿಗೆ ಬೀಳುತ್ತದೆ.

ಆದ್ದರಿಂದ ಡೆವಲಪರ್ ಮೊದಲು ಎಲ್ಲ ಡಿಎನ್‌ಎಸ್ ಸಾಲುಗಳನ್ನು ಒಂದು ಕಡತಕ್ಕೆ ಇಳಿಸಿಕೊಂಡು, ಒಂದೊಂದಾಗಿ ಹೊಸ ಕಡೆ ಬರೆದು, ಆಮೇಲಷ್ಟೇ ನೇಮ್‌ಸರ್ವರ್ ಬದಲಿಸಿದರು. ಆ ಕಡತವನ್ನು ಪತ್ರದ ಜೊತೆ ಲಗತ್ತಿಸಿದರು.

ಇದು ಅಂಗಡಿಯಾದ್ದರಿಂದ ಇನ್ನೊಂದು ಸೂಕ್ಷ್ಮವಿದೆ. ಡಿಎನ್‌ಎಸ್ ಬದಲಾವಣೆ ಎಲ್ಲರಿಗೂ ಒಂದೇ ಹೊತ್ತಿಗೆ ತಲುಪುವುದಿಲ್ಲ. ಹಳೆಯ ಉತ್ತರವನ್ನು ಎಷ್ಟು ಸೆಕೆಂಡು ನೆನಪಿಟ್ಟುಕೊಳ್ಳಬಹುದು ಎಂಬುದನ್ನು ಟಿಟಿಎಲ್ ಎಂಬ ಸಂಖ್ಯೆ ಹೇಳುತ್ತದೆ. ಅದು 14400 ಎಂದಿದ್ದರೆ ನಾಲ್ಕು ಗಂಟೆ. ಆ ಅವಧಿಯಲ್ಲಿ ಒಬ್ಬ ಗಿರಾಕಿಗೆ ಹೊಸ ಸರ್ವರ್ ಸಿಗುತ್ತದೆ, ಇನ್ನೊಬ್ಬನಿಗೆ ಹಳೆಯದು. ಇಬ್ಬರೂ ಆರ್ಡರ್ ಕೊಟ್ಟರೆ ಲೆಕ್ಕ ಎರಡು ಡೇಟಾಬೇಸ್‌ಗಳಲ್ಲಿ ಹಂಚಿಹೋಗುತ್ತದೆ. ನೇಮ್‌ಸರ್ವರನ್ನೇ ಬದಲಿಸಿದರೆ ಕಾಯುವ ಹೊತ್ತು ಇನ್ನೂ ಹೆಚ್ಚು, ಒಂದೆರಡು ದಿನವೂ ಆಗಬಹುದು. ಅದಕ್ಕಾಗಿ ಅವರು ಎರಡು ಹಂತದಲ್ಲಿ ಕೆಲಸ ಮಾಡಿದರು. ಒಂದು ವಾರ ಮೊದಲೇ ನೇಮ್‌ಸರ್ವರ್ ಬದಲಿಸಿ, ಎ ದಾಖಲೆಯನ್ನು ಮಾತ್ರ ಹಳೆಯ ಸರ್ವರ್ ಕಡೆಗೇ ಬಿಟ್ಟು, ಟಿಟಿಎಲ್ ಅನ್ನು 300ಕ್ಕೆ ಇಳಿಸಿದರು. ಆಮೇಲೆ ಒಂದು ರಾತ್ರಿ ಹಳೆಯ ಸೈಟಿನಲ್ಲಿ ಆರ್ಡರ್ ನಿಲ್ಲಿಸಿ, ಡೇಟಾಬೇಸಿನ ಕೊನೆಯ ಪ್ರತಿ ತೆಗೆದು, ಹೊಸ ಕಡೆ ಇಳಿಸಿ, ಎ ದಾಖಲೆ ಬದಲಿಸಿದರು.

> ಹೋಸ್ಟಿಂಗ್: ಸೈಟ್ ಈಗ ನಿಮ್ಮ ಹೆಸರಿನ ಹೋಸ್ಟಿಂಗ್‌ನಲ್ಲಿದೆ. ಬಿಲ್ ಪ್ರತಿ ವರ್ಷ ಜುಲೈ 2ಕ್ಕೆ ಬರುತ್ತದೆ. ನನ್ನ ಹಳೆಯ ಸರ್ವರ್‌ನಲ್ಲಿರುವ ಪ್ರತಿಯನ್ನು ಇನ್ನು 15 ದಿನ ಇಟ್ಟುಕೊಂಡು ಆಮೇಲೆ ಗಿರಾಕಿಗಳ ವಿವರ ಸಮೇತ ಅಳಿಸುತ್ತೇನೆ. ಅಷ್ಟರೊಳಗೆ ನೀವು ಮೂರು ಪರೀಕ್ಷೆ ಮಾಡಿ. ನಿಮ್ಮ ಜಿಮೇಲ್‌ನಿಂದ ಅಂಗಡಿಯ ವಿಳಾಸಕ್ಕೆ ಒಂದು ಮೇಲ್ ಕಳಿಸಿ. ಅಂಗಡಿಯ ವಿಳಾಸದಿಂದ ಜಿಮೇಲ್‌ಗೆ ಒಂದು ಕಳಿಸಿ, ಸ್ಪ್ಯಾಮ್‌ಗೆ ಬೀಳಲಿಲ್ಲವೇ ನೋಡಿ. ಒಂದು ಸಣ್ಣ ಆರ್ಡರ್ ಕೊಟ್ಟು ಹಣ ನಿಮ್ಮ ಖಾತೆಗೆ ಬಂತೇ ನೋಡಿ.

ಹೋಸ್ಟಿಂಗ್ ವಿಷಯದಲ್ಲಿ ತಡವಾಗಿ ತಲೆದೋರುವ ತೊಂದರೆ ಒಂದಿದೆ. ಬ್ರೌಸರಿನ ವಿಳಾಸಪಟ್ಟಿಯಲ್ಲಿ ಸೈಟ್ ಸುರಕ್ಷಿತ ಎಂದು ತೋರಿಸುವುದಕ್ಕೆ ಎಸ್‌ಎಸ್‌ಎಲ್ ಪ್ರಮಾಣಪತ್ರ ಬೇಕು. ಹೆಚ್ಚಿನ ಸಣ್ಣ ಸೈಟುಗಳು ಬಳಸುವುದು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಪುಕ್ಕಟೆ ಕೊಡುವ ಪತ್ರ. ಅದರ ಆಯುಸ್ಸು 90 ದಿನವಾದ್ದರಿಂದ ಸರ್ವರ್ ತಾನಾಗಿಯೇ ನವೀಕರಿಸುತ್ತಿರಬೇಕು. ಹೊಸ ಸರ್ವರ್‌ನಲ್ಲಿ ಆ ವ್ಯವಸ್ಥೆ ಮಾಡದಿದ್ದರೆ ಒಪ್ಪಿಸಿದ ದಿನ ಎಲ್ಲವೂ ಸರಿಯಿದ್ದು, ಮೂರು ತಿಂಗಳ ಹೊತ್ತಿಗೆ ಬ್ರೌಸರ್ ‘ಈ ಸೈಟ್ ಸುರಕ್ಷಿತವಲ್ಲ’ ಎಂದು ಗಿರಾಕಿಗಳನ್ನು ಹೆದರಿಸುತ್ತದೆ. ಅವಧಿ ಮುಗಿಯುತ್ತಿದೆ ಎಂದು ಮೊದಲೆಲ್ಲ ಮೇಲ್ ಕಳಿಸುತ್ತಿದ್ದ ಆ ಸಂಸ್ಥೆ 2025ರ ಜೂನ್‌ನಿಂದ ಅದನ್ನು ನಿಲ್ಲಿಸಿದೆ. ಹಾಗಾಗಿ ತಾನಾಗಿ ನವೀಕರಣವಾಗುತ್ತಿದೆ ಎಂಬ ಮಾತು ಪತ್ರದಲ್ಲಿ ಸ್ಪಷ್ಟವಾಗಿ ಇರಬೇಕು.

ಸೋರ್ಸ್ ಕೋಡ್ ಒಂದೇ ಸಾಲದು

‘ಕೋಡ್ ಕೊಟ್ಟಿದ್ದೇನೆ’ ಎಂದರೆ ಸೈಟ್ ಕೊಟ್ಟಂತಾಯಿತು ಎಂದು ಗ್ರಾಹಕರು ನಂಬುತ್ತಾರೆ. ಓಡುವ ಸೈಟ್ ಒಂದರಲ್ಲಿ ಐದು ತುಂಡುಗಳಿರುತ್ತವೆ, ಕೋಡ್ ಅದರಲ್ಲಿ ಒಂದು ಮಾತ್ರ. ಎರಡನೆಯದು ಡೇಟಾಬೇಸ್: ಸರಕು, ಬೆಲೆ, ಆರ್ಡರ್, ಗಿರಾಕಿಗಳ ವಿಳಾಸ. ಮೂರನೆಯದು ಅಂಗಡಿಯವರೇ ಏರಿಸಿದ ಫೋಟೋಗಳು. ಇವು ಕೋಡಿನ ಜೊತೆಗೂ ಇರುವುದಿಲ್ಲ, ಡೇಟಾಬೇಸ್‌ನಲ್ಲೂ ಇರುವುದಿಲ್ಲ, ಸರ್ವರಿನ ಒಂದು ಫೋಲ್ಡರಿನಲ್ಲಿರುತ್ತವೆ. ನಾಲ್ಕನೆಯದು `.env` ಎಂಬ ಕಡತ. ಡೇಟಾಬೇಸಿನ ಪಾಸ್‌ವರ್ಡ್, ಹಣ ಪಾವತಿಯ ರಹಸ್ಯ ಕೀಲಿಗಳು ಇದರಲ್ಲಿವೆ. ಲಾರಾವೆಲ್ ಸೈಟಾದರೆ `APP_KEY` ಎಂಬ ಸಾಲೂ ಇರುತ್ತದೆ. ಇದು ಕಳೆದುಹೋದರೆ ಆ ಕೀಲಿಯಿಂದ ಗೂಢಗೊಳಿಸಿಟ್ಟ ಮಾಹಿತಿಯನ್ನು ಮತ್ತೆ ಓದಲಾಗದು.

ಐದನೆಯದನ್ನೇ ಹೆಚ್ಚಾಗಿ ಮರೆಯುವುದು. ಹೊತ್ತು ಹೊತ್ತಿಗೆ ತಾನಾಗಿ ಆಗಬೇಕಾದ ಕೆಲಸಗಳನ್ನು ಸರ್ವರ್‌ಗೆ ಹೇಳುವ ಕ್ರಾನ್ ಎಂಬ ಪಟ್ಟಿ ಅದು. ಲಾರಾವೆಲ್‌ನಲ್ಲಿ ಅದು ಒಂದೇ ಸಾಲು:

```
* * * * * cd /var/www/shop && php artisan schedule:run >> /dev/null 2>&1
```

ಪ್ರತಿ ನಿಮಿಷವೂ ಎದ್ದು ‘ಈಗ ಮಾಡಬೇಕಾದ ಕೆಲಸವೇನಾದರೂ ಇದೆಯೇ’ ಎಂದು ನೋಡು ಎಂಬುದು ಇದರ ತಾತ್ಪರ್ಯ. ಈ ಸಾಲು ಹೊಸ ಸರ್ವರ್‌ಗೆ ಹೋಗದಿದ್ದರೆ ಸೈಟ್ ತೆರೆಯುತ್ತದೆ, ಆರ್ಡರ್ ಆಗುತ್ತದೆ, ಯಾವ ದೋಷವೂ ತೋರುವುದಿಲ್ಲ. ರಾತ್ರಿ ಬರಬೇಕಾದ ದಿನದ ಲೆಕ್ಕದ ಮೇಲ್ ಮಾತ್ರ ಬರುವುದಿಲ್ಲ, ಬ್ಯಾಕಪ್ ಕೂಡ ಆಗುವುದಿಲ್ಲ. ಬ್ಯಾಕಪ್ ಇಲ್ಲವೆಂದು ಗೊತ್ತಾಗುವುದು ಅದು ಬೇಕಾದ ದಿನವೇ.

ಕೋಡನ್ನು ಡೆವಲಪರ್‌ಗಳು ಸಾಮಾನ್ಯವಾಗಿ ಗಿಟ್‌ಹಬ್‌ನಂಥ ಕಡೆ, ಯಾವ ದಿನ ಯಾವ ಸಾಲು ಬದಲಾಯಿತು ಎಂಬ ಇತಿಹಾಸದ ಸಮೇತ ಇಟ್ಟಿರುತ್ತಾರೆ. ಜಿಪ್ ಕಡತ ಮಾಡಿ ಕಳಿಸಿದರೆ ಆ ಇತಿಹಾಸ ಹೋಗುತ್ತದೆ. ಹೊಸ ಡೆವಲಪರ್‌ಗೆ ಒಂದು ಬದಲಾವಣೆ ಏಕಾಯಿತು ಎಂದು ತಿಳಿಯಲು ಅದೇ ಆಧಾರ. ಆದ್ದರಿಂದ ಗ್ರಾಹಕರ ಹೆಸರಿನಲ್ಲಿ ಗಿಟ್‌ಹಬ್ ಖಾತೆ ತೆರೆದು ಭಂಡಾರದ ಒಡೆತನವನ್ನೇ ವರ್ಗಾಯಿಸುವುದು ಸರಿ. ಗ್ರಾಹಕರು ಬಂದ ಮೇಲ್‌ನಲ್ಲಿ ಒಂದು ದಿನದೊಳಗೆ ಒಪ್ಪಿಗೆ ಕೊಡಬೇಕು, ತಡವಾದರೆ ಮತ್ತೆ ಕಳಿಸಬೇಕಾಗುತ್ತದೆ. ಹೀಗೆ ವ್ಯಕ್ತಿಯಿಂದ ವ್ಯಕ್ತಿಗೆ ವರ್ಗಾಯಿಸಿದಾಗ ಹಳೆಯ ಒಡೆಯರು ಸಹಭಾಗಿಯಾಗಿ ಅಲ್ಲೇ ಉಳಿದುಕೊಳ್ಳುತ್ತಾರೆ ಎಂಬುದು ಹಲವರಿಗೆ ತಿಳಿಯದು. ಕೊನೆಗೆ ಅವರ ಹೆಸರನ್ನೂ ತೆಗೆಯಬೇಕು.

> ಸೋರ್ಸ್ ಕೋಡ್: ಪೂರ್ತಿ ಇತಿಹಾಸದೊಂದಿಗೆ ನಿಮ್ಮ ಗಿಟ್‌ಹಬ್ ಖಾತೆಯಲ್ಲಿದೆ. ಅದರಲ್ಲಿ `README.md` ಎಂಬ ಕಡತವಿದೆ. ಸೈಟನ್ನು ಹೊಸ ಸರ್ವರ್‌ನಲ್ಲಿ ಮೊದಲಿನಿಂದ ನಿಲ್ಲಿಸುವುದು ಹೇಗೆಂದು ಅದರಲ್ಲಿ ಹಂತಹಂತವಾಗಿ ಬರೆದಿದ್ದೇನೆ, ಕ್ರಾನ್ ಸಾಲೂ ಅಲ್ಲಿದೆ. ಆ ಹಂತಗಳನ್ನೇ ಅನುಸರಿಸಿ ಒಂದು ಖಾಲಿ ಸರ್ವರ್‌ನಲ್ಲಿ ನಿಮ್ಮ ಬ್ಯಾಕಪ್ ಇಳಿಸಿ ನೋಡಿದ್ದೇನೆ, ಸೈಟ್ ಎದ್ದು ನಿಂತಿತು. `.env` ಕಡತವನ್ನು ಮೇಲ್‌ನಲ್ಲಿ ಕಳಿಸುತ್ತಿಲ್ಲ.

ಇಳಿಸಿ ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎನ್ನಲಾಗದು. ಆದ್ದರಿಂದ ಖಾಲಿ ಸರ್ವರಿನ ಆ ವಾಕ್ಯ ತಮಗೆ ಬಂದ ಪತ್ರದಲ್ಲಿ ಇಲ್ಲದಿದ್ದರೆ ಗ್ರಾಹಕರು ಕೇಳಬೇಕು.

ಕೋಡ್ ಕೈಗೆ ಬಂದರೂ ಹಕ್ಕು ಬಂದಿರದು

ಇಲ್ಲಿ ಕಾನೂನಿನ ಮಾತು ಬರುತ್ತದೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಸಾಹಿತ್ಯ ಕೃತಿಯ ಸಾಲಿಗೆ ಸೇರುತ್ತದೆ. ಸೆಕ್ಷನ್ 17ರ ಪ್ರಕಾರ ಬರೆದವರೇ ಅದರ ಮೊದಲ ಒಡೆಯರು. ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದರೆ ಹಕ್ಕು ಮಾಲೀಕರಿಗೆ ಹೋಗುತ್ತದೆ, ಬೇರೆ ಒಪ್ಪಂದ ಇಲ್ಲದಿದ್ದರೆ. ಫ್ರೀಲಾನ್ಸ್ ಡೆವಲಪರ್ ನೌಕರರಲ್ಲ. ಹಾಗಾಗಿ ಪೂರ್ತಿ ಹಣ ಕೊಟ್ಟಿದ್ದರೂ, ಬರವಣಿಗೆಯಲ್ಲಿ ವರ್ಗಾವಣೆ ಆಗದಿದ್ದರೆ ಕೋಡಿನ ಹಕ್ಕು ಡೆವಲಪರ್ ಬಳಿಯೇ ಉಳಿಯುತ್ತದೆ. ಅಂಗಡಿಯವರು ಸೈಟ್ ಬಳಸುವುದನ್ನು ಯಾರೂ ಸುಲಭಕ್ಕೆ ಪ್ರಶ್ನಿಸಲಾರರು. ಆದರೆ ನಾಳೆ ಅಂಗಡಿಯನ್ನು ಸೈಟಿನ ಸಮೇತ ಮಾರಲು ಹೋದರೆ ಕೊಳ್ಳುವವರ ವಕೀಲರು ಮೊದಲು ಕೇಳುವುದು ಈ ಕಾಗದವನ್ನೇ.

ಸೆಕ್ಷನ್ 19 ಹಕ್ಕಿನ ವರ್ಗಾವಣೆ ಹೇಗಿರಬೇಕೆಂದು ಹೇಳುತ್ತದೆ. ಅದು ಬರವಣಿಗೆಯಲ್ಲಿರಬೇಕು, ಸಹಿ ಇರಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ ಎಂದು ನಮೂದಿಸಬೇಕು. ಕಾಲ ಬರೆಯದಿದ್ದರೆ ಐದೇ ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತದೊಳಗೆ ಮಾತ್ರ ಎಂದೂ ಕಾಯ್ದೆ ಭಾವಿಸುತ್ತದೆ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಬೇರೆ ಮಾತು ಬರೆದಿರದ ಪಕ್ಷದಲ್ಲಿ, ವರ್ಗಾವಣೆ ಬಿದ್ದುಹೋಗುತ್ತದೆ. ‘ಕೋಡ್ ಎಲ್ಲ ನಿಮ್ಮದೇ ಸರ್’ ಎಂಬ ಒಂದು ಸಾಲಿನ ಮೇಲ್ ಇದಕ್ಕೆಲ್ಲ ಸಾಲದು. ಸಹಿ ಹಾಕಿದ ಒಂದು ಪುಟದ ಕಾಗದ ಬೇಕು.

> ಹಕ್ಕು: ಈ ಸೈಟಿಗೆಂದು ನಾನು ಬರೆದ ಕೋಡಿನ ಪೂರ್ತಿ ಹಕ್ಕನ್ನು, ಕೃತಿಸ್ವಾಮ್ಯ ಇರುವಷ್ಟು ಕಾಲಕ್ಕೂ, ಪ್ರಪಂಚದಾದ್ಯಂತ ನಿಮಗೆ ವರ್ಗಾಯಿಸುವ ಪತ್ರಕ್ಕೆ ಸಹಿ ಹಾಕಿ ಅಂಚೆಯಲ್ಲಿ ಕಳಿಸಿದ್ದೇನೆ. ಲಾರಾವೆಲ್ ಮತ್ತು ಇತರ ಮುಕ್ತ ತಂತ್ರಾಂಶಗಳು ನನ್ನವಲ್ಲ, ಅವು ತಮ್ಮ ತಮ್ಮ ಪರವಾನಗಿಯಂತೆ ಎಲ್ಲರಿಗೂ ಸಿಗುತ್ತವೆ. ಅವುಗಳ ಪಟ್ಟಿ `composer.json` ಕಡತದಲ್ಲಿದೆ.

ತಮ್ಮದಲ್ಲದ್ದನ್ನು ತಮ್ಮದಲ್ಲ ಎಂದು ಬರೆಯುವುದು ಡೆವಲಪರ್‌ಗೂ ರಕ್ಷಣೆ.

ಹಣ ಬಾಕಿಯಿದ್ದರೆ ಏನು? ಕೊನೆಯ ಕಂತು ಬಂದ ಮೇಲೆ ಹಕ್ಕು ವರ್ಗಾವಣೆ ಎಂದು ಕೆಲಸ ಶುರು ಮಾಡುವಾಗಲೇ ಒಪ್ಪಂದದಲ್ಲಿ ಬರೆದುಕೊಳ್ಳುವುದು ನ್ಯಾಯವಾದ ದಾರಿ. ಡೊಮೇನನ್ನು ಒತ್ತೆ ಇಟ್ಟುಕೊಳ್ಳುವುದು ನ್ಯಾಯವಲ್ಲ. ಕೋಡ್ ಡೆವಲಪರ್ ದುಡಿಮೆಯಿಂದ ಹುಟ್ಟಿದ್ದು. ಅಂಗಡಿಯ ಹೆಸರು ಅಂಗಡಿಯವರದ್ದು, ಮೊದಲ ದಿನದಿಂದಲೂ.

ಹೊರಗೆ ಹೋಗುವುದೂ ಕೆಲಸವೇ

ಮೇಲ್‌ನಲ್ಲಿ ಪಾಸ್‌ವರ್ಡ್ ಏಕಿಲ್ಲ ಎಂದು ಗ್ರಾಹಕರು ಕೇಳಬಹುದು. ಮೇಲ್ ವರ್ಷಗಟ್ಟಲೆ ಉಳಿಯುತ್ತದೆ, ಬೇರೆಯವರಿಗೆ ಮುಂದೂಡಲ್ಪಡುತ್ತದೆ, ಅಂಗಡಿಯ ಹುಡುಗರ ಫೋನಿನಲ್ಲೂ ತೆರೆದಿರುತ್ತದೆ. ನಿಜಕ್ಕೂ ಖಾತೆಗಳೆಲ್ಲ ಗ್ರಾಹಕರ ಹೆಸರಿನಲ್ಲೇ ತೆರೆದಿದ್ದರೆ ಪಾಸ್‌ವರ್ಡ್ ಕಳಿಸುವ ಪ್ರಮೇಯವೇ ಬರುವುದಿಲ್ಲ, ಅವರೇ ಇಟ್ಟುಕೊಂಡಿರುತ್ತಾರೆ. `.env` ಕಡತದಂಥದ್ದನ್ನು ಎದುರಿಗೆ ಕುಳಿತು ಪೆನ್‌ಡ್ರೈವ್‌ನಲ್ಲಿ ಕೊಡಬಹುದು, ಇಲ್ಲವೇ ಪಾಸ್‌ವರ್ಡ್ ಮ್ಯಾನೇಜರ್ ಮೂಲಕ ಹಂಚಬಹುದು.

ಆಮೇಲೆ ಗ್ರಾಹಕರು ಎರಡು ಕೆಲಸ ಮಾಡಬೇಕು. ಹಣ ಪಾವತಿಯ ಖಾತೆಯಲ್ಲಿ ಹೊಸ ರಹಸ್ಯ ಕೀಲಿ ಪಡೆದು ಸೈಟಿನಲ್ಲಿ ಅದನ್ನು ಹಾಕಿಸಬೇಕು, ಹಳೆಯದನ್ನು ರದ್ದು ಮಾಡಬೇಕು. ಪ್ರತಿ ಖಾತೆಯಲ್ಲೂ ಒಟಿಪಿ ಯಾವ ಫೋನಿಗೆ ಬರುತ್ತದೆ, ಪಾಸ್‌ವರ್ಡ್ ಮರೆತರೆ ಯಾವ ಮೇಲ್‌ಗೆ ಸಂದೇಶ ಹೋಗುತ್ತದೆ ಎಂದು ನೋಡಬೇಕು. ಹೆಸರು ಬದಲಾಗಿಯೂ ಒಟಿಪಿ ಡೆವಲಪರ್ ಫೋನಿಗೇ ಹೋಗುತ್ತಿದ್ದರೆ ಒಪ್ಪಿಸುವಿಕೆ ಅರ್ಧವೇ ಆದಂತೆ. ಇದರಲ್ಲಿ ಅಪನಂಬಿಕೆಯ ಮಾತಿಲ್ಲ. ನಾಳೆ ಏನಾದರೂ ಸೋರಿಕೆಯಾದರೆ ಸಂಶಯದ ಬೆರಳು ತಮ್ಮತ್ತ ತಿರುಗಬಾರದೆಂದು ಒಳ್ಳೆಯ ಡೆವಲಪರ್ ತಾವೇ ಇದನ್ನು ಕೇಳಿಕೊಳ್ಳುತ್ತಾರೆ.

> ನನ್ನ ಪ್ರವೇಶ: ಹೋಸ್ಟಿಂಗ್, ಗಿಟ್‌ಹಬ್, ಪಾವತಿ ಖಾತೆ ಮೂರರಿಂದಲೂ ನನ್ನ ಹೆಸರನ್ನು ಈ ತಿಂಗಳ 30ರಂದು ತೆಗೆಯೋಣ, ಅವತ್ತು ಸಂಜೆ ಫೋನ್ ಮಾಡುತ್ತೇನೆ. ಅಲ್ಲಿಂದ 30 ದಿನ, ನಾನು ಬರೆದ ಕೋಡಿನಲ್ಲಿ ದೋಷ ಕಂಡರೆ ಉಚಿತವಾಗಿ ಸರಿಪಡಿಸುತ್ತೇನೆ. ಹೊಸ ಸೌಲಭ್ಯ ಬೇಕಾದರೆ ಅದು ಬೇರೆ ಕೆಲಸ. ಎಲ್ಲವನ್ನೂ ನೋಡಿ, ಸರಿಯಿದ್ದರೆ ‘ಮೂರೂ ನನ್ನ ವಶಕ್ಕೆ ಬಂದಿವೆ’ ಎಂದು ಈ ಮೇಲ್‌ಗೆ ಉತ್ತರ ಬರೆಯಿರಿ.

ಆ ಉತ್ತರ ಬಂದ ದಿನ ಜವಾಬ್ದಾರಿಯ ಗೆರೆ ಬೀಳುತ್ತದೆ. ಅಲ್ಲಿಯವರೆಗೆ ನವೀಕರಣ ತಪ್ಪಿದರೆ ಡೆವಲಪರ್ ಹೊಣೆ, ಅಲ್ಲಿಂದಾಚೆಗೆ ಮಾಲೀಕರ ಹೊಣೆ. ಉತ್ತರ ಬಾರದಿದ್ದರೆ ಡೆವಲಪರ್ ಮತ್ತೆ ಕೇಳಿ ಪಡೆಯಬೇಕು.

ನಿಮಗೆ ವೆಬ್‌ಸೈಟ್ ಇದ್ದು ಇಂಥ ಪತ್ರ ಇಲ್ಲದಿದ್ದರೆ ಇವತ್ತೇ ಒಂದು ಕೆಲಸ ಮಾಡಿ. `lookup.icann.org` ತಾಣದಲ್ಲಿ ನಿಮ್ಮ ಡೊಮೇನ್ ಹೆಸರು ಬರೆದು ನೋಡಿ. ಒಡೆಯರ ಹೆಸರು ಗೋಪ್ಯವೆಂದು ಮರೆಯಲ್ಲಿರಬಹುದು, ಆದರೆ ರಿಜಿಸ್ಟ್ರಾರ್ ಯಾರು, ಅವಧಿ ಮುಗಿಯುವುದು ಯಾವಾಗ ಎಂಬುದು ಸಾಮಾನ್ಯವಾಗಿ ಕಾಣುತ್ತದೆ. ಆಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ಆ ರಿಜಿಸ್ಟ್ರಾರ್ ಬಳಿ ನನ್ನ ಹೆಸರಿನ ಖಾತೆ ಇದೆಯೇ, ಅದರೊಳಗೆ ಈ ಡೊಮೇನ್ ಕಾಣುತ್ತದೆಯೇ? ಇಲ್ಲವೆಂದಾದರೆ, ಸೈಟ್ ಮಾಡಿಕೊಟ್ಟವರು ಸಂಪರ್ಕದಲ್ಲಿರುವಾಗಲೇ, ಸಂಬಂಧ ಚೆನ್ನಾಗಿರುವಾಗಲೇ, ಡೊಮೇನನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.